ಶಿವಶರಣಪ್ಪ ಅವರ ಕುಟುಂಬಕ್ಕೆ ನಮ್ಮ ಐಸಿಯು ತಂಡದ ಪತ್ರ

ಕಲಬುರಗಿ
11 ಫೆಬ್ರವರಿ 2025

ಮಹಾದೇವಿ ಅಮ್ಮನವರಿಗೆ, ಬಸವರಾಜ ಅವರಿಗೆ, ಸುಜಾತಾ ಅವರಿಗೆ,

ನಮಸ್ಕಾರ.

ಜನವರಿ 28ರ ಬೆಳಗಿನ ಜಾವ ನಿಮ್ಮ ಮನೆಯ ಹಿರಿಯರು ಶಿವಶರಣಪ್ಪ ಅವರು ನಮ್ಮ ಐಸಿಯುನಲ್ಲಿ ತೀರಿಕೊಂಡರು. ಅವರನ್ನು ನೋಡಿಕೊಂಡ ನಮಗೆಲ್ಲ ತುಂಬಾ ದುಃಖವಾಗಿದೆ. ಆ ದಿನ ಗಾಡಿ ಹೊರಡುವ ಗಡಿಬಿಡಿಯಲ್ಲಿ ನಿಮ್ಮ ಜೊತೆ ಸರಿಯಾಗಿ ಕೂತು ಮಾತಾಡಲು ಆಗಲಿಲ್ಲ. ಮನೆಯಲ್ಲಿ ಕಾರ್ಯಗಳೆಲ್ಲ ಮುಗಿಯಲಿ, ಬಂದುಹೋಗುವವರು ಸ್ವಲ್ಪ ಕಡಿಮೆಯಾಗಲಿ ಎಂದು ಕಾದು ಈಗ ಬರೆಯುತ್ತಿದ್ದೇವೆ.

ಅಮ್ಮಾ, ಇದನ್ನು ಬಸವರಾಜ ಅವರು ನಿಮಗೆ ಓದಿ ಹೇಳುತ್ತಾರೆ ಅಂತ ಗೊತ್ತು. ಅದಕ್ಕೇ ದವಾಖಾನೆ ಮಾತು ಆದಷ್ಟು ಕಡಿಮೆ ಮಾಡಿದ್ದೇವೆ. ಎಲ್ಲಾದರೂ ತಿಳಿಯದಿದ್ದರೆ ಕೇಳಿ. ಎಷ್ಟು ಸಲ ಕೇಳಿದರೂ ಹೇಳುತ್ತೇವೆ.

ಐಸಿಯುಗೆ ಬರುವ ಎಷ್ಟೋ ಜನರ ದನಿಯನ್ನೇ ನಾವು ಕೇಳಿರುವುದಿಲ್ಲ. ಕಾಕಾ ಹಾಗಲ್ಲ. ನಮ್ಮ ಸಿಸ್ಟರ್‌ಗಳೆಲ್ಲ ಅವರನ್ನು ಕಾಕಾ ಅಂತಲೇ ಕರೆಯುತ್ತಿದ್ದರು. ಮೊದಲ ಎರಡು ದಿನ ಜ್ವರದಲ್ಲೂ ಚೆನ್ನಾಗಿ ಮಾತಾಡಿದರು. ಎಳ್ಳಮಾಸಿಗೆ ಹೊಲದಲ್ಲಿ ಚರಗ ಚೆಲ್ಲಿದ್ದು, ಸಜ್ಜಿ ರೊಟ್ಟಿ, ಭಜ್ಜಿ, ಈ ಸಲ ತೊಗರಿ ಹೇಗೆ ಬಂದಿದೆ ಎನ್ನುವುದು, ಎಲ್ಲ ಹೇಳಿದರು. ಕೇರಳದಿಂದ ಬಂದ ಒಬ್ಬ ಸಿಸ್ಟರ್‌ಗೆ ಭಜ್ಜಿ ಅಂದರೆ ಎಣ್ಣೆಯಲ್ಲಿ ಕರಿದದ್ದು ಅಂತಲೇ ಗೊತ್ತು. ‘ಅದಲ್ಲ ತಂಗಿ, ಬರೋ ವರ್ಷ ಹೊಲಕ್ಕ ಬಾ, ಉಂಡು ನೋಡು’ ಅಂದಿದ್ದರಂತೆ. ಆ ಸಿಸ್ಟರ್ ಇದನ್ನು ಈ ಪತ್ರದಲ್ಲಿ ಬರೆಯಲೇಬೇಕು ಅಂದರು.

ಇನ್ನು ಬಸವರಾಜ ಅವರು ಲಿಫ್ಟ್ ಹತ್ತಿರ ನಿಂತು ಕೇಳಿದ ಪ್ರಶ್ನೆ. ‘ಎರಡು ದಿನ ಮೊದಲೇ ಕರಕೊಂಡು ಬಂದಿದ್ದರೆ ಉಳೀತಿದ್ರಾ ಸರ್?’ ಆಗ ನಾವು ಹೇಳಿದ್ದು ನಿಮ್ಮ ಮನಸ್ಸಿಗೆ ಇಳಿಯುವ ಹೊತ್ತಾಗಿರಲಿಲ್ಲ. ಇಡೀ ಮನೆ ಇದೇ ಮಾತನ್ನು ಒಳಗೊಳಗೇ ಕೇಳಿಕೊಳ್ಳುತ್ತಿರಬಹುದು. ಹಾಗಾಗಿ ಬಿಡಿಸಿ ಬರೆಯುತ್ತೇವೆ.

ರಾಶಿ ಮಾಡುವಾಗ ತೊಗರಿ ಕೂಳೆ ಅವರ ಅಂಗಾಲಿಗೆ ಚುಚ್ಚಿತ್ತು. ಗಾಯ ಹೊರಗೆ ಸಣ್ಣದು, ಒಳಗೆ ಆಳವಿತ್ತು. ಹನ್ನೆರಡು ವರ್ಷದಿಂದ ಇದ್ದ ಸಕ್ಕರೆ ಕಾಯಿಲೆಯಿಂದ ಪಾದದ ನರಗಳು ಜೋಮು ಹಿಡಿದಿದ್ದವು. ನಮಗೆ ನಿಮಗೆ ಮುಳ್ಳು ಚುಚ್ಚಿದರೆ ಜೀವ ಹೋದಂತಾಗುತ್ತದೆ. ಅವರಿಗೆ ನೋವೇ ಗೊತ್ತಾಗಲಿಲ್ಲ. ನೋವಿಲ್ಲ, ನಡೆದಾಡುತ್ತಿದ್ದಾರೆ, ಗಾಯಕ್ಕೆ ಅರಿಷಿಣ ಹಚ್ಚಿಕೊಂಡಿದ್ದಾರೆ. ಇದನ್ನು ನೋಡಿ ಒಳಗೆ ಕೀವು ಹಬ್ಬುತ್ತಿದೆ ಅಂತ ಮನೆಯವರಿಗೆ ಹೇಗೆ ತಿಳಿಯಬೇಕು? ‘ರಾಶಿ ಮುಗೀಲಿ, ಆಮ್ಯಾಲ ದವಾಖಾನಿ’ ಅಂತ ಅವರೇ ಅಂದಿದ್ದನ್ನು ನಮಗೂ ಹೇಳಿದ್ದರು. ವರ್ಷದ ದುಡಿಮೆ ಕಣದಲ್ಲಿ ಬಿದ್ದಿರುವಾಗ ಯಾವ ರೈತನೂ ಹಾಗೇ ಅನ್ನುತ್ತಾನೆ, ಅಲ್ವಾ? ಚಳಿ ಜ್ವರ ಬಂದು, ಮಾತು ತೊದಲಿದ ಕೂಡಲೇ ಜನವರಿ 22ರ ರಾತ್ರಿಯೇ ನೀವು ಗಾಡಿ ಮಾಡಿಕೊಂಡು ಬಂದಿರಿ.

ಅಷ್ಟರಲ್ಲಿ ನಂಜು ರಕ್ತಕ್ಕೆ ಏರಿತ್ತು. ಎರಡು ದಿನ ಮುಂಚೆ ಬಂದಿದ್ದರೆ ಅದನ್ನು ಹಿಡಿದು ನಿಲ್ಲಿಸಲು ಅವಕಾಶ ಸ್ವಲ್ಪ ಜಾಸ್ತಿ ಇರುತ್ತಿತ್ತು. ಇಲ್ಲ ಅಂತ ಹೇಳಿದರೆ ಅದು ಬರೀ ಸಮಾಧಾನದ ಮಾತಾಗುತ್ತದೆ. ಆದರೆ ಉಳಿದೇ ಉಳಿಯುತ್ತಿದ್ದರು ಅಂತಲೂ ಯಾವ ಡಾಕ್ಟರೂ ಹೇಳಲಾರರು. ಇಷ್ಟು ವರ್ಷದ ಸಕ್ಕರೆ ಕಾಯಿಲೆ ಅವರ ಕಿಡ್ನಿಯ ಶಕ್ತಿಯನ್ನು ಮೊದಲೇ ತಿಂದಿತ್ತು. ತಡವಾಗಿದ್ದು ಯಾರ ಉಡಾಫೆಯಿಂದಲೂ ಅಲ್ಲ. ಊರಲ್ಲಿ ಯಾರಾದರೂ ‘ಮೊದಲೇ ತೋರಿಸಬಾರದಿತ್ತೇನು’ ಅಂತ ಅಮ್ಮನವರ ಮುಂದೆ ಅಂದರೆ, ಡಾಕ್ಟರು ಹೀಗೆ ಬರೆದು ಕೊಟ್ಟಿದ್ದಾರೆ ಅಂತ ಈ ಪತ್ರವನ್ನೇ ತೋರಿಸಿ.

ಬಂದ ರಾತ್ರಿಯೇ ಸರ್ಜನ್ ಪಾದದ ಕೊಳೆತ ಭಾಗ ತೆಗೆದು ಕೀವು ಹೊರಗೆ ಬಿಟ್ಟರು. ನಂಜಿನ ಔಷಧಿ ಆಗಲೇ ಶುರುವಾಗಿತ್ತು. ಮೂರನೇ ದಿನ ಮೂತ್ರ ನಿಂತು ಡಯಾಲಿಸಿಸ್ ಮಾಡಬೇಕಾಯಿತು. ಉಸಿರಾಟ ಕಷ್ಟವಾದ ಮೇಲೆ ವೆಂಟಿಲೇಟರ್ ಹಾಕಿದೆವು.

ಕುತ್ತಿಗೆಯ ರಕ್ತನಾಳಕ್ಕೆ ನಳಿಗೆ ಹಾಕುವಾಗ ಶಿವದಾರ ಅಡ್ಡ ಬರುತ್ತಿತ್ತು. ಇಷ್ಟಲಿಂಗ ಮೈಯಿಂದ ದೂರವಾಗಬಾರದು ಅಂತ ಅಮ್ಮ ಹೇಳಿದಿರಿ. ಸಿಸ್ಟರ್ ಕರಡಿಗೆಯನ್ನು ಬಿಳಿ ಬ್ಯಾಂಡೇಜ್ ಬಟ್ಟೆಯಲ್ಲಿ ಸುತ್ತಿ ಅವರ ಬಲ ತೋಳಿಗೆ ಕಟ್ಟಿದರು. ಬಿಪಿ ನೋಡುವ ಪಟ್ಟಿಯನ್ನು ಎಡಗೈಗೆ ಬದಲಿಸಿದೆವು. ಕೊನೆಯವರೆಗೂ ಅದು ಹಾಗೇ ಇತ್ತು. ನೀವು ಹೊರಗೆ ಬೆಂಚಿನ ಮೇಲೆ ಕೂತಿದ್ದ ಹೊತ್ತಿನಲ್ಲೂ ಇತ್ತು.

27ರ ಮಧ್ಯಾಹ್ನ ನಾವೆಲ್ಲ ಕೂತು ಮಾತಾಡಿದ್ದು ನಿಮಗೆ ನೆನಪಿರುತ್ತದೆ. ಬಿಪಿ ಎತ್ತುವ ಔಷಧಿಗಳನ್ನು ಕೊಡಬಹುದಾದಷ್ಟು ಕೊಟ್ಟಿದ್ದೆವು. ಆದರೂ ದೇಹ ಕೈಕೊಡುತ್ತಿತ್ತು. ಹೃದಯ ನಿಂತರೆ ಎದೆ ಒತ್ತಿ ಕರೆಂಟ್ ಕೊಡುವುದರಿಂದ ಉಪಯೋಗವಿಲ್ಲ, ಸುಮ್ನೆ ತ್ರಾಸ ಅಷ್ಟೇ ಅಂತ ಮೊದಲು ಹೇಳಿದವರು ನಾವು. ‘ಇನ್ನ ಅವರಿಗೆ ತ್ರಾಸ ಕೊಡಬ್ಯಾಡ್ರಿ’ ಅಂತ ಅಮ್ಮ ಅಂದದ್ದು ಅದಾದ ಮೇಲೆ. ಅಮ್ಮಾ, ಆ ಒಂದು ಮಾತಿನಿಂದ ಅವರು ಹೋದರು ಅಂತ ಯಾವತ್ತೂ ಅಂದುಕೊಳ್ಳಬೇಡಿ. ಅದು ನಮ್ಮ ವೈದ್ಯಕೀಯ ತೀರ್ಮಾನ. ನೀವು ಅವರ ಪರವಾಗಿ ಒಪ್ಪಿದಿರಿ. ನಂಜಿನ ಔಷಧಿ, ಆಕ್ಸಿಜನ್, ನೋವು ತಗ್ಗಿಸುವ ಔಷಧಿ ಯಾವುದನ್ನೂ ನಿಲ್ಲಿಸಿರಲಿಲ್ಲ.

ಸುಜಾತಾ ಅವರೇ, ನೀವು ಸೊಲ್ಲಾಪುರದಿಂದ ಬಂದು ಮುಟ್ಟುವಷ್ಟರಲ್ಲಿ ಅರ್ಧ ಗಂಟೆ ತಡವಾಗಿತ್ತು. ಆ ಹೊತ್ತು ಏನಾಯಿತು ಅಂತ ನಿಮಗೆ ಗೊತ್ತಾಗಬೇಕು. ನಾಲ್ಕು ಗಂಟೆಗೆ ಬಿಪಿ ಇಳಿಯಲು ಶುರುವಾದಾಗ ನಿಮ್ಮ ಅಣ್ಣ ನಿಮಗೆ ಫೋನ್ ಹಚ್ಚಿದರು. ರಾತ್ರಿ ಪಾಳಿಯ ಸಿಸ್ಟರ್ ಆ ಫೋನನ್ನು ಅಪ್ಪನ ಕಿವಿಗೆ ಹಿಡಿದರು. ನೀವು ‘ಅಪ್ಪಾ, ಬರ್ಲಿಕತ್ತೀನಿ’ ಅಂದದ್ದು ಪಕ್ಕದಲ್ಲಿದ್ದ ನಮಗೂ ಕೇಳಿಸಿತು. ಅವರಿಗೆ ಮಂಪರಿನ ಔಷಧಿ ಇತ್ತು, ಕಣ್ಣು ತೆರೆಯಲಿಲ್ಲ. ಕೇಳಿಸಿತು ಅಂತ ಆಣೆ ಮಾಡಿ ಹೇಳಲಾರೆವು. ಆದರೆ ನಿಮ್ಮ ದನಿ ಅವರ ಕಿವಿಯ ಹತ್ತಿರವೇ ಇತ್ತು. ಅಮ್ಮ ಕಾಲ ಹತ್ತಿರ ಇದ್ದರು, ಅಣ್ಣ ಕೈ ಹಿಡಿದಿದ್ದರು. ಅವರು ಒದ್ದಾಡಲಿಲ್ಲ, ಉಸಿರಿಗೆ ಹೋರಾಡಲಿಲ್ಲ. ಎದೆಬಡಿತ ನಿಧಾನವಾಗುತ್ತಾ ಹೋಗಿ 4 ಗಂಟೆ 40 ನಿಮಿಷಕ್ಕೆ ನಿಂತಿತು.

ಈ ಹೊತ್ತಲ್ಲಿ ಕಾಗದಪತ್ರದ ಮಾತು ಯಾರಿಗೂ ಬೇಡ. ಆದರೂ ಪೌತಿ ಖಾತೆ, ಬ್ಯಾಂಕು ಅಂತ ಇವತ್ತಲ್ಲ ನಾಳೆ ಓಡಾಡಲೇಬೇಕಾಗುತ್ತದೆ. ಆಗ ಪರದಾಡದಿರಲಿ ಅಂತ ಇಷ್ಟು ಹೇಳುತ್ತೇವೆ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ಆಸ್ಪತ್ರೆಯಲ್ಲಿ ಆದ ಸಾವಿನ ಮಾಹಿತಿಯನ್ನು ಆಸ್ಪತ್ರೆಯೇ ಕೊಡಬೇಕು, ಅದನ್ನು ಕೊಟ್ಟಾಗಿದೆ. ನೀವು ಅದಕ್ಕಾಗಿ ಅರ್ಜಿ ಬರೆಯಬೇಕಿಲ್ಲ. ಮರಣ ಪ್ರಮಾಣ ಪತ್ರದ ಮೊದಲ ಪ್ರತಿ ಉಚಿತ, ಯಾರಿಗೂ ದುಡ್ಡು ಕೊಡಬೇಡಿ. ಕೈಗೆ ಬಂದ ಕೂಡಲೇ ಹೆಸರು ಆಧಾರ್‌ನಲ್ಲಿ ಇರುವ ಹಾಗೇ ಇದೆಯಾ ನೋಡಿ. ಒಂದಕ್ಷರ ಹೆಚ್ಚುಕಮ್ಮಿ ಇದ್ದರೂ ಮುಂದೆ ತಹಶೀಲ್ದಾರ್ ಕಚೇರಿಯಲ್ಲಿ ತಿರುಗಾಟ ತಪ್ಪಿದ್ದಲ್ಲ. ಪೌತಿ ಖಾತೆಗೆ ವಂಶವೃಕ್ಷವೂ ಬೇಕಾಗುತ್ತದೆ, ಅದು ನಾಡ ಕಚೇರಿಯಲ್ಲಿ ಸಿಗುತ್ತದೆ.

ಸಾವಿನ ಕಾರಣ ಬರೆದ ವೈದ್ಯರ ಪ್ರಮಾಣ ಪತ್ರದ ಒಂದು ಪ್ರತಿ ಈ ಪತ್ರದ ಜೊತೆಗಿದೆ. ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿರುವುದು ಮೇಲೆ ಹೇಳಿದ್ದನ್ನೇ: ಪಾದದ ಗಾಯ, ಅದರಿಂದ ರಕ್ತಕ್ಕೆ ಏರಿದ ನಂಜು, ಅದರಿಂದ ಕೆಟ್ಟ ಕಿಡ್ನಿ, ಜೊತೆಗೆ ಸಕ್ಕರೆ ಕಾಯಿಲೆ. ಇಡೀ ಕೇಸ್ ಶೀಟ್ ಬೇಕಿದ್ದರೆ ರೆಕಾರ್ಡ್ ವಿಭಾಗದಲ್ಲಿ ಒಂದು ಅರ್ಜಿ ಕೊಡಿ, 72 ಗಂಟೆಯೊಳಗೆ ಪ್ರತಿ ಕೊಡುತ್ತೇವೆ. ಯಾಕೆ ಬೇಕು ಅಂತ ಯಾರೂ ಕೇಳುವುದಿಲ್ಲ. ಬೇರೆ ಡಾಕ್ಟರಿಗೆ ತೋರಿಸಬೇಕೆನಿಸಿದರೂ ನಮಗೇನೂ ಬೇಸರವಿಲ್ಲ. ಆಸ್ಪತ್ರೆಯ ಬಿಲ್ ಯಾವುದೂ ಬಾಕಿ ಇಲ್ಲ. ಅವರ ಚಸ್ಮಾ ಮತ್ತು ಸ್ಟೀಲ್ ಡಬ್ಬಿ ವಾರ್ಡಿನ ಕಪಾಟಿನಲ್ಲಿ ಉಳಿದಿವೆ. ಹೆಸರು ಬರೆದು ಇಟ್ಟಿದ್ದೇವೆ, ಈ ಕಡೆ ಬಂದಾಗ ತೆಗೆದುಕೊಂಡು ಹೋಗಿ, ಅವಸರವಿಲ್ಲ.

ಅಮ್ಮಾ, ಐಸಿಯು ಹೊರಗೆ ಕೂತಿದ್ದಾಗ ನಿಮ್ಮ ಶುಗರ್ ಗುಳಿಗೆ ಊರಲ್ಲೇ ಬಿಟ್ಟು ಬಂದಿದ್ದೀರಿ ಅಂತ ಸಿಸ್ಟರ್‌ಗೆ ಹೇಳಿದ್ದಿರಿ. ಈಗಲಾದರೂ ತಪ್ಪಿಸಬೇಡಿ. ಉಣ್ಣಲು ಮನಸ್ಸಾಗದಿದ್ದರೆ ಗಂಜಿಯನ್ನಾದರೂ ಕುಡಿಯಿರಿ, ಬರೀ ಹೊಟ್ಟೆಯಲ್ಲಿ ಮಾತ್ರ ಗುಳಿಗೆ ಬೇಡ. ಹೊಲಕ್ಕೆ ಬರಿಗಾಲಲ್ಲಿ ಹೋಗಬೇಡಿ. ಇದನ್ನು ಈಗ ಹೇಳಬೇಕೋ ಬೇಡವೋ ಅಂತ ನಮ್ಮಲ್ಲೇ ಮಾತಾಯಿತು. ಹೇಳದೆ ಬಿಡುವುದು ಸರಿಯಲ್ಲ ಅನ್ನಿಸಿತು.

ಬಸವರಾಜ ಅವರೇ, ಆರು ರಾತ್ರಿ ನೀವು ಕಾರಿಡಾರ್‌ನಲ್ಲೇ ಕಳೆದಿರಿ. ಮನೆಗೆ ದೊಡ್ಡವರಾದ ಮೇಲೆ ಅಳಬಾರದು ಅಂತ ಎಲ್ಲರೂ ಹೇಳುತ್ತಾರೆ. ಅವರ ಮಾತು ಕೇಳಬೇಡಿ. ನಿದ್ದೆ ಬಾರದೆ, ಯಾವ ಕೆಲಸಕ್ಕೂ ಕೈ ಹೋಗದೆ ವಾರಗಟ್ಟಲೆ ಹಾಗೇ ಇದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೀಳುವುದಿಲ್ಲ. ಮನೆಯಲ್ಲಿ ಯಾರು ಬೇಕಾದರೂ ಮಾಡಬಹುದು.

ಕೂತು ಮಾತಾಡಬೇಕು ಅನ್ನಿಸಿದರೆ ಬನ್ನಿ. ಭಾನುವಾರ ಬಿಟ್ಟು ಯಾವ ದಿನವಾದರೂ ಮಧ್ಯಾಹ್ನ 2ರಿಂದ 4ರವರೆಗೆ ಎರಡನೇ ಮಹಡಿಯಲ್ಲಿ ನಮ್ಮಲ್ಲಿ ಒಬ್ಬರು ಇದ್ದೇ ಇರುತ್ತೇವೆ. ಚೀಟಿ ಮಾಡಿಸುವುದು ಬೇಡ, ಫೀಸ್ ಇಲ್ಲ. ಗೇಟಿನಲ್ಲಿ ಶಿವಶರಣಪ್ಪ ಅವರ ಮನೆಯವರು ಅಂತ ಹೇಳಿ, ಒಳಗೆ ಬಿಡುತ್ತಾರೆ. ನಮ್ಮ ಆರೈಕೆಯಲ್ಲಿ, ಮಾತಿನಲ್ಲಿ ನಿಮಗೆ ನೋವಾದದ್ದು ಏನಾದರೂ ಇದ್ದರೆ ಅದನ್ನೂ ಬಂದು ಹೇಳಿ.

ನಿಮ್ಮ ದುಃಖದಲ್ಲಿ ನಿಮ್ಮ ಜೊತೆಗಿರುವ,

ಮೆಡಿಕಲ್ ಐಸಿಯುನ ಹಿರಿಯ ವೈದ್ಯರು ಮತ್ತು ಡ್ಯೂಟಿ ಡಾಕ್ಟರ್‌ಗಳು
ಹಗಲು ಮತ್ತು ರಾತ್ರಿ ಪಾಳಿಯ ಸಿಸ್ಟರ್‌ಗಳು
ಸರ್ಜರಿ ವಿಭಾಗ ಮತ್ತು ಡಯಾಲಿಸಿಸ್ ಘಟಕದವರು
ವಾರ್ಡಿನ ಆಯಾಗಳು ಮತ್ತು ಸಹಾಯಕರು