ಟೇಲ್ ಎಂಡ್‌ನಲ್ಲಿ ಯಾರಿದ್ದಾರೆ?

ರಾತ್ರಿ ಮೂರು ನಲವತ್ತಕ್ಕೆ ಮಲ್ಲಪ್ಪ ಕಾಕಾ ವಾಕಿಟಾಕಿಯಲ್ಲಿ ಕೂಗಿದರು. "ಶರಣು, ಚ್ಯೂಟ್ ಕ್ಲಿಯರ್ ಆಗ್ಯದ. ಚಾಲೂ ಮಾಡು ತಮ್ಮಾ."

ನಾನು ಬೆಲ್ಟಿನ ಸ್ಟಾರ್ಟ್ ಒತ್ತಿದೆ.

ಸೇಡಂ ಕಡೆಯ ಒಂದು ಸಿಮೆಂಟ್ ಫ್ಯಾಕ್ಟರಿಯಲ್ಲಿ ನಾನು ಕಂಟ್ರೋಲ್ ರೂಮ್ ಆಪರೇಟರ್. ಏಸಿ ರೂಮಿನಲ್ಲಿ ಕೂತು, ಕಣ್ಣಿಗೆ ಕಾಣದ ಮಷಿನ್‌ಗಳನ್ನು ಮೌಸ್‌ನಿಂದ ನಡೆಸುವ ಕೆಲಸ. ಕಿಲ್ನ್‌ನಲ್ಲಿ ಸುಟ್ಟು ಬಂದ ಗಟ್ಟಿ ಉಂಡೆಗಳಾದ ಕ್ಲಿಂಕರ್ ಅನ್ನು ಅರೆಯುವ ಸಿಮೆಂಟ್ ಮಿಲ್ಲಿಗೆ ಒಯ್ಯುವ ಆ ಬೆಲ್ಟ್ ನೂರಿಪ್ಪತ್ತು ಮೀಟರ್ ಉದ್ದ. ನನ್ನ ಸ್ಕ್ರೀನ್ ಮೇಲೆ ಅದು ಗೇಣುದ್ದದ ಒಂದು ಗೆರೆ. ನಿಂತಾಗ ಕೆಂಪು, ಓಡಿದಾಗ ಹಸಿರು.

ಗೆರೆ ಹಸಿರಾಗಲಿಲ್ಲ. ಕೆಳಗೆ ಒಂದು ಸಾಲು ಮಿನುಗಿತು: PULL CORD.

ಬೆಲ್ಟಿನ ಪಕ್ಕದಲ್ಲಿ ಉದ್ದಕ್ಕೂ ಒಂದು ಹಗ್ಗ ಇರುತ್ತದೆ. ಯಾರಾದರೂ ಎಳೆದರೆ ಬೆಲ್ಟ್ ನಿಲ್ಲುತ್ತದೆ. ಆಮೇಲೆ ಆ ಸ್ವಿಚ್ ಹತ್ತಿರ ಹೋಗಿ ಕೈಯಿಂದ ರಿಸೆಟ್ ಮಾಡುವ ತನಕ ನಾನು ಇಲ್ಲಿಂದ ಎಷ್ಟು ಒತ್ತಿದರೂ ಅದು ಹೊರಡುವುದಿಲ್ಲ. ನನಗೆ ಸಿಟ್ಟು ಬಂತು. ಬೆಲ್ಟಿನಿಂದ ಕ್ಲಿಂಕರ್ ಸುರಿಯುವ ಚ್ಯೂಟ್ ಜಾಮ್ ಆಗಿ, ಮಿಲ್ ನಿಂತು ಆಗಲೇ ಐವತ್ತು ನಿಮಿಷ ಆಗಿತ್ತು.

"ಕಾಕಾ, ಟೇಲ್ ಎಂಡ್ ಕಡೆ ಪುಲ್ ಕಾರ್ಡ್ ಬಿದ್ದದ. ಜರಾ ರಿಸೆಟ್ ಮಾಡಿ ಬರ್ರಿ."

ಕಾಕಾ ಮೊಣಕಾಲು ನೋವಿನ ಮನುಷ್ಯ. ಗೊಣಗುತ್ತಲೇ ಬೆಲ್ಟಿನ ಹಿಂದಿನ ತುದಿಯ ಕಡೆ ನಡೆದರು. ನಾನು ತಣ್ಣಗಾದ ಚಹಾ ಕುಡಿಯುತ್ತಾ ಕಾದೆ. ಐದಾರು ನಿಮಿಷ ಆಗಿರಬೇಕು. ವಾಕಿಟಾಕಿ ಚೀರಿತು.

"ನಿಂದ್ರು! ಮುಟ್ಟಬ್ಯಾಡ! ಶರಣು, ಕೈ ತೆಗಿ! ಒಳಗ ಮನಿಷ್ಯಾ ಅದಾನ!"

ನಾನು ಮೌಸ್‌ನಿಂದ ಕೈ ತೆಗೆದೆ. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಪಕ್ಕದ ಕಿಲ್ನ್ ಆಪರೇಟರ್ "ಏನಾಯ್ತೋ?" ಅಂದ. ನನ್ನ ಬಾಯಿಂದ ಮಾತು ಬರಲಿಲ್ಲ.

ಒಳಗೆ ಇದ್ದವನು ರಸೂಲ್. ಕಂಟ್ರಾಕ್ಟ್ ಹುಡುಗ, ವಯಸ್ಸು ಇಪ್ಪತ್ತಮೂರು. ಬೆಲ್ಟ್ ನಿಂತದ್ದು ನೋಡಿದ್ದಾನೆ. ಬೆಳಗ್ಗೆ ಸೂಪರ್‌ವೈಸರ್ ಬಂದರೆ ಟೇಲ್ ಎಂಡ್‌ನಲ್ಲಿ ಬಿದ್ದ ಕ್ಲಿಂಕರ್ ನೋಡಿ ಬೈಯುತ್ತಾನೆ, ಈಗಲೇ ತೆಗೆದುಬಿಡೋಣ ಎಂದು ಸಲಿಕೆ ಹಿಡಿದು ಪುಲ್ಲಿಯ ಹಿಂದೆ ನುಸುಳಿದ್ದಾನೆ. ಯಾರೂ ಹೇಳಿರಲಿಲ್ಲ. ಇವನೂ ಯಾರಿಗೂ ಹೇಳಿರಲಿಲ್ಲ. ಬಗ್ಗುವಾಗ ಕಾಲು ಜಾರಿ, ಆಸರೆಗೆ ಸಿಕ್ಕದ್ದನ್ನು ಹಿಡಿದಿದ್ದಾನೆ. ಸಿಕ್ಕದ್ದು ಆ ಹಗ್ಗ.

ಅಷ್ಟೇ. ಅವನ ಕಾಲು ಜಾರದಿದ್ದರೆ ಬೆಲ್ಟ್ ಹೊರಡುತ್ತಿತ್ತು.

ಹೊರಗೆ ಬಂದು ನೋಡಿದಾಗ ಅವನು ಮೆಟ್ಟಿಲ ಮೇಲೆ ಕೂತಿದ್ದ. ಮುಖದ ಮೇಲೆಲ್ಲ ಬೂದು ಬಣ್ಣದ ಧೂಳು, ಕಣ್ಣು ಮಾತ್ರ ಕಾಣುತ್ತಿತ್ತು. ನಾನು ಬಂದಿದ್ದು ಕಂಡು ಎದ್ದು ನಿಂತ. ನನ್ನ ಕೈ ಹಿಡಿದು ಹೇಳಿದ ಮೊದಲ ಮಾತು ಇದು: "ಸಾಹೇಬ್ರ, ಬರೀಬ್ಯಾಡ್ರಿ. ಗೇಟ್ ಪಾಸ್ ಕಸಗೋತಾರ."

ಸಾವಿನ ಬಾಯಿಂದ ಆಗಷ್ಟೇ ಹೊರಗೆ ಬಂದ ಹುಡುಗನಿಗೆ ಭಯ ಇದ್ದದ್ದು ಗೇಟ್ ಪಾಸಿನದು. ಅದು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಶಿಫ್ಟ್ ಇನ್‌ಚಾರ್ಜ್ ಕೆಟ್ಟವರಲ್ಲ. ಅವರೂ ನಡುಗಿದ್ದರು. ಆದರೆ ಅರ್ಧ ಗಂಟೆಯಲ್ಲಿ ಮಿಲ್ ಚಾಲೂ ಆಯಿತು, ಎಲ್ಲರೂ ಅವರವರ ಜಾಗಕ್ಕೆ ಹೋದರು. "ದೇವರು ದೊಡ್ಡಾವ. ಏನೂ ಆಗಿಲ್ಲಲ್ಲ, ಬಿಡು" ಅಂದರು. ಶಿಫ್ಟ್ ರಿಜಿಸ್ಟರ್‌ನಲ್ಲಿ, ಸ್ವಲ್ಪದರಲ್ಲಿ ತಪ್ಪಿದ ಅಪಘಾತಗಳನ್ನು ಬರೆಯಲು 'ನಿಯರ್ ಮಿಸ್' ಎಂಬ ಒಂದು ಕಾಲಂ ಇತ್ತು. ನಾನು ಪುಟ ತಿರುಗಿಸಿ ನೋಡಿದೆ. ನಿಲ್. ನಿಲ್. ನಿಲ್. ಅರ್ಧಕ್ಕರ್ಧ ನನ್ನದೇ ಕೈಬರಹ.

ಅಲಾರಂ ಪಟ್ಟಿಯನ್ನೂ ತೆಗೆದು ನೋಡಿದೆ. ಪುಲ್ ಕಾರ್ಡ್ ಅಲಾರಂ ಬಂದದ್ದು ಮೂರು ಇಪ್ಪತ್ತೊಂಬತ್ತಕ್ಕೆ. ಅಂದರೆ ನಾನು ಸ್ಟಾರ್ಟ್ ಒತ್ತುವ ಹನ್ನೊಂದು ನಿಮಿಷ ಮೊದಲು. ಅದನ್ನು ಒಪ್ಪಿಕೊಂಡು ಸುಮ್ಮನಾಗಿಸಿದ್ದೂ ನಾನೇ. ಮಿಲ್ ನಿಂತಾಗ ಒಟ್ಟಿಗೆ ಇಪ್ಪತ್ತು ಮೂವತ್ತು ಅಲಾರಂ ಬರುತ್ತವೆ. ಓದದೆ ಎಲ್ಲದಕ್ಕೂ ಓಕೆ ಒತ್ತುವುದು ನಮ್ಮೆಲ್ಲರ ಅಭ್ಯಾಸ. ಬೆಲ್ಟ್ ಹನ್ನೊಂದು ನಿಮಿಷದಿಂದ ನನಗೆ ಹೇಳುತ್ತಲೇ ಇತ್ತು, ಇಲ್ಲಿ ಯಾರೋ ಇದ್ದಾರೆ ಅಂತ.

ಬೆಳಗಿನ ಐದೂವರೆಗೆ ಕಪಾಟಿನ ತಳದಿಂದ ನಿಯರ್ ಮಿಸ್ ಫಾರಂ ಹುಡುಕಿ ತೆಗೆದೆ. ಅಂಚು ಹಳದಿಯಾಗಿತ್ತು. ಇಂಗ್ಲಿಷ್ ಫಾರಂ, ಆದರೆ ನಾನು ಕನ್ನಡದಲ್ಲೇ ಬರೆದೆ. ಹೀಗೆ:

"ರಾತ್ರಿ 3.40ಕ್ಕೆ ಕ್ಲಿಂಕರ್ ಬೆಲ್ಟ್ ಸ್ಟಾರ್ಟ್ ಒತ್ತಿದವನು ನಾನು. ಆಗ ಟೇಲ್ ಪುಲ್ಲಿಯ ಹಿಂದೆ ಒಬ್ಬ ಕಾರ್ಮಿಕ ಕೆಲಸ ಮಾಡುತ್ತಿದ್ದರು. ನನಗೆ ಗೊತ್ತಿರಲಿಲ್ಲ. ನಾನು ಕೇಳಲೂ ಇಲ್ಲ. ಪುಲ್ ಕಾರ್ಡ್ ಆಕಸ್ಮಿಕವಾಗಿ ಎಳೆದಿದ್ದರಿಂದ ಬೆಲ್ಟ್ ಹೊರಡಲಿಲ್ಲ. ಯಾರಿಗೂ ಗಾಯವಿಲ್ಲ.

ಪುಲ್ ಕಾರ್ಡ್ ಅಲಾರಂ 3.29ಕ್ಕೇ ಬಂದಿತ್ತು. ನಾನು ಓದದೆ ಓಕೆ ಮಾಡಿದ್ದೆ. ಇದು ನನ್ನ ತಪ್ಪು.

ಮೋಟಾರಿನ ಕರೆಂಟ್ ತೆಗೆದಿರಲಿಲ್ಲ. ಬೀಗ ಹಾಕಿರಲಿಲ್ಲ. ಚ್ಯೂಟ್ ಕಡೆಯಿಂದ 'ಕ್ಲಿಯರ್' ಅಂದರು, ನಾನು ಇಡೀ ಬೆಲ್ಟ್ ಕ್ಲಿಯರ್ ಅಂದುಕೊಂಡೆ. ನಾವು ಎಷ್ಟೋ ವರ್ಷದಿಂದ ಹೀಗೆಯೇ ಮಾಡುತ್ತಿದ್ದೇವೆ. ಟೇಲ್ ಎಂಡ್‌ನಲ್ಲಿ ಯಾರಿದ್ದಾರೆ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ.

ಆ ಕಾರ್ಮಿಕರ ಹೆಸರು ಬರೆಯುತ್ತಿಲ್ಲ."

ಸಹಿ ಹಾಕಿದೆ. ಕೈ ನಡುಗಿ ಸಹಿ ಬೇರೆಯವರದರಂತೆ ಕಂಡಿತು.

ಮನೆಗೆ ಹೋದೆ. ಹೆಂಡತಿ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಒಂದು ತುತ್ತೂ ಇಳಿಯಲಿಲ್ಲ. ಹನ್ನೊಂದಕ್ಕೆ ಫೋನ್ ಬಂತು, ಮೀಟಿಂಗ್‌ಗೆ ಬಾ ಅಂತ.

ಮೀಟಿಂಗಿನಲ್ಲಿ ಮೊದಲ ಪ್ರಶ್ನೆಯೇ "ಯಾರವನು?" ಗೇಟಿನ ಬೋರ್ಡ್ ಮೇಲೆ 'ಅಪಘಾತವಿಲ್ಲದ ದಿನಗಳು 412' ಎಂದು ಬರೆದಿದ್ದರಲ್ಲ, ಆ ಸಂಖ್ಯೆ ಬಗ್ಗೆ ಎಲ್ಲರಿಗೂ ಹೆಮ್ಮೆ. ನಾನು ಹೆಸರು ಹೇಳಲಿಲ್ಲ. "ಅವನನ್ನು ತೆಗೆದರೆ ನಾಳೆ ಇನ್ನೊಬ್ಬ ಅದೇ ಜಾಗಕ್ಕೆ ನುಸುಳ್ತಾನೆ ಸರ್. ಈ ಸಲ ನಮಗೆ ಹೇಳೋರೂ ಇರೋದಿಲ್ಲ" ಅಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಸೇಫ್ಟಿ ಆಫೀಸರ್ ಮೇಡಂ ಹೊಸಬರು, ಸೇರಿ ಮೂರು ತಿಂಗಳಾಗಿತ್ತು. ಫಾರಂ ಎರಡು ಸಲ ಓದಿ ಕೇಳಿದರು: "ಇವತ್ತು ರಾತ್ರಿ ನಿಮ್ಮದೇ ಶಿಫ್ಟ್ ಅಲ್ವಾ? ನಾನು ಬರ್ತೀನಿ."

ಹಗಲು ಬಂದು ನೋಡಿ ಹೋಗುವವರು ಬೇಕಾದಷ್ಟು ಜನ. ಅವರು ರಾತ್ರಿ ಮೂರಕ್ಕೆ ಬಂದರು, ಶಾಲು ಹೊದ್ದುಕೊಂಡು, ಕೈಯಲ್ಲಿ ಟಾರ್ಚ್ ಹಿಡಿದು.

ಟೇಲ್ ಎಂಡ್‌ನಲ್ಲಿ ಲೈಟ್ ಇರಲಿಲ್ಲ. ಪುಲ್ಲಿಗೆ ಹಾಕುವ ಜಾಲರಿ ಗಾರ್ಡ್ ಗೋಡೆಗೆ ಒರಗಿತ್ತು. ಸಲಿಕೆ ಆಡಿಸಲು ಅಡ್ಡ ಬರುತ್ತದೆ ಎಂದು ಯಾವಾಗಲೋ ಬಿಚ್ಚಿಟ್ಟದ್ದು, ಅದರ ಮೇಲೆ ಬೆರಳುದ್ದ ಧೂಳು. ಮೇಡಂ ಅಲ್ಲೇ ನಿಂತು, "ಸೈರನ್ ಹೊಡೀರಿ" ಅಂದರು. ಬೆಲ್ಟ್ ಹೊರಡುವ ಮೊದಲು ಸೈರನ್ ಕೂಗಬೇಕು. ಹೆಡ್ ಎಂಡ್‌ನಲ್ಲಿ ಕೂಗಿತು. ಇಲ್ಲಿಯದು ಸತ್ತಿತ್ತು. ಮಿಲ್ಲಿನ ಸದ್ದಿನಲ್ಲಿ ಆ ಕಡೆಯದು ಕೇಳುವ ಮಾತೇ ಇಲ್ಲ. ಮೋಟಾರ್ ಕಂಟ್ರೋಲ್ ರೂಮಿನಲ್ಲಿ ಸೇಫ್ಟಿ ಬೀಗಗಳ ಒಂದು ಪೆಟ್ಟಿಗೆ ಇತ್ತು. ಬೀಗಗಳನ್ನು ಯಾರೂ ಒಯ್ಯಬಾರದೆಂದು ಆ ಪೆಟ್ಟಿಗೆಗೇ ಬೀಗ ಹಾಕಿದ್ದರು. ಬೀಗದಕೈ ಹಗಲು ಶಿಫ್ಟಿನವರ ಮನೆಯಲ್ಲಿ.

ಮೇಡಂ ಏನೂ ಅನ್ನಲಿಲ್ಲ. ಒಂದೊಂದರದೂ ಫೋಟೋ ತೆಗೆದರು. ಆಮೇಲೆ ರಸೂಲ್ ಎಲ್ಲಿ ಬಗ್ಗಿದ್ದನೋ ಅಲ್ಲಿ ತಾವೇ ಬಗ್ಗಿ, ಒಂದು ನಿಮಿಷ ಹಾಗೇ ಇದ್ದರು.

ಲೈಟು, ಸೈರನ್, ಗಾರ್ಡ್ ವಾರದೊಳಗೆ ಸರಿಯಾದವು. ಅದೇನು ದೊಡ್ಡದಲ್ಲ, ದುಡ್ಡು ಕೊಟ್ಟರೆ ಆಗುವ ಕೆಲಸ. ಮನುಷ್ಯರ ರೂಢಿ ಬದಲಾಗುವುದಕ್ಕೆ ತಿಂಗಳುಗಳು ಹಿಡಿದವು. ಪ್ರತಿಯೊಬ್ಬರಿಗೂ ಒಂದು ಕೆಂಪು ಬೀಗ ಬಂತು, ಕಂಟ್ರಾಕ್ಟ್ ಹುಡುಗರಿಗೂ. ಮೇಲೆ ಅವರವರ ಹೆಸರು, ಫೋಟೋ. ಬೆಲ್ಟ್ ಹತ್ತಿರ ಯಾವ ಕೆಲಸ ಇದ್ದರೂ ಮೊದಲು ಮೋಟಾರಿನ ಬ್ರೇಕರ್ ತೆಗೆಯಬೇಕು. ಕೆಲಸಕ್ಕೆ ಹೋಗುವ ಎಲ್ಲರೂ ಅದಕ್ಕೆ ತಮ್ಮ ಬೀಗ ಹಾಕಿ, ಬೀಗದಕೈ ತಮ್ಮ ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಆಮೇಲೆ ನಾನು ಇಲ್ಲಿಂದ ಒಮ್ಮೆ ಸ್ಟಾರ್ಟ್ ಒತ್ತಿ, ಹೊರಡುವುದಿಲ್ಲ ಎಂದು ಖಾತ್ರಿ ಮಾಡಬೇಕು. ಕೊನೆಯ ಬೀಗ ಕಳಚಿ ಬರುವ ತನಕ ಬೆಲ್ಟ್ ಹೊರಡದು. 'ಕ್ಲಿಯರ್' ಎಂಬ ಮಾತು ನಿಂತುಹೋಯಿತು. ಪ್ರತಿಯೊಬ್ಬನೂ ವಾಕಿಟಾಕಿಯಲ್ಲಿ ತನ್ನ ಹೆಸರು ಹೇಳಿ, ಹೊರಗಿದ್ದೇನೆ ಅನ್ನಬೇಕು.

ಬೈದವರೇ ಜಾಸ್ತಿ. "ಹತ್ತು ನಿಮಿಷದ ಕೆಲಸಕ್ಕ ಇಪ್ಪತ್ತು ನಿಮಿಷದ ಬೀಗದ ಪೂಜಿ" ಅಂತ ಮಲ್ಲಪ್ಪ ಕಾಕಾನೇ ಗೊಣಗಿದರು. ಒಂದು ರಾತ್ರಿ ಬೀಗ ಹಾಕದೆ ಹೊರಟಿದ್ದರು. ನಾನು ಏನೂ ಹೇಳಲಿಲ್ಲ. "ಕಾಕಾ, ಅವತ್ತು ನೀವು ಏನು ನೋಡಿದ್ರಿ?" ಅಂದೆ. ಅವರು ಅಲ್ಲೇ ನಿಂತರು. "ಕಾಲು ನೋಡಿದೆ. ಎರಡು ಕಾಲು" ಅಂದರು. ವಾಪಸ್ ಹೋಗಿ ಬೀಗ ತಂದರು.

ಫಾರಂ ಕನ್ನಡದಲ್ಲಿ ಅಚ್ಚಾಯಿತು. ಮುಂದಿನ ತಿಂಗಳು ಹದಿನೇಳು ಬಂದವು. ಒಂದರಲ್ಲಿ ಕ್ಯಾಂಟೀನಿನ ಬೆಕ್ಕಿನ ಬಗ್ಗೆ ದೂರು ಇತ್ತು. ಮೇಡಂ ಅದನ್ನೂ ನೋಟಿಸ್ ಬೋರ್ಡಿಗೆ ಹಚ್ಚಿ, ಪಕ್ಕದಲ್ಲಿ ಏನು ಮಾಡಿದೆವು ಎಂದು ಬರೆಸಿದರು. ಆಮೇಲೆ ಒಬ್ಬ ಹೆಲ್ಪರ್ ಸಡಿಲಾದ ಮೆಟ್ಟಿಲ ಬಗ್ಗೆ ಬರೆದ. ಒಬ್ಬ ವೆಲ್ಡರ್ ಸುಟ್ಟ ಕೇಬಲ್ ಬಗ್ಗೆ. ಬರೆದಿದ್ದಕ್ಕೆ ಯಾರ ಗೇಟ್ ಪಾಸೂ ಹೋಗಲಿಲ್ಲ. ಜನ ಅದನ್ನೇ ಕಾದು ನೋಡುತ್ತಿದ್ದರು.

ಆಗಸ್ಟ್‌ನ ಒಂದು ರಾತ್ರಿ, ಜೋರು ಮಳೆ. ಮತ್ತೆ ಚ್ಯೂಟ್ ಜಾಮ್, ಮತ್ತೆ ಮಿಲ್ ಬಂದ್. ಕೆಲಸ ಮುಗಿಯಿತು. ಐದು ಬೀಗದಲ್ಲಿ ನಾಲ್ಕು ಬಂದವು. ಒಂದು ಉಳಿಯಿತು. ಫೋಟೋದಲ್ಲಿ ರಸೂಲ್.

ಕರೆದೆ. ಉತ್ತರ ಇಲ್ಲ. ಹತ್ತು ನಿಮಿಷ. ಇಪ್ಪತ್ತು. ಇನ್‌ಚಾರ್ಜ್ ಓಡಿ ಬಂದರು. "ಎಲ್ಲೋ ಮಲಗಿರಬೇಕು. ಬೀಗ ಮುರೀರಿ, ನಾನು ಜವಾಬ್ದಾರಿ."

ಮಲ್ಲಪ್ಪ ಕಾಕಾ ಬ್ರೇಕರ್ ಪ್ಯಾನೆಲ್‌ಗೆ ಬೆನ್ನು ಕೊಟ್ಟು ನಿಂತಿದ್ದರಂತೆ. ವಾಕಿಟಾಕಿಯಲ್ಲಿ ಅವರ ದನಿ ಕೇಳಿತು, ನಿಧಾನವಾಗಿ: "ಮೊದಲ ಹುಡುಗನ್ನ ಹುಡುಕೋಣ್ರಿ ಸಾಹೇಬ್ರ. ಆಮ್ಯಾಲ ಬೀಗದ ಮಾತು."

ಇನ್‌ಚಾರ್ಜ್ ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ತಾವೇ ಟಾರ್ಚ್ ತೆಗೆದುಕೊಂಡು ಟೇಲ್ ಎಂಡ್ ಕಡೆ ಮಳೆಯಲ್ಲಿ ನಡೆದರು.

ಮಿಲ್ ನಲವತ್ತು ನಿಮಿಷ ನಿಂತೇ ಇತ್ತು. ರಸೂಲ್ ಗೇಟಿನ ಹತ್ತಿರ ಸಿಕ್ಕ. ಅವನ ಹೆಂಡತಿಗೆ ಹೆರಿಗೆ ನೋವು ಬಂದಿದೆ ಎಂದು ಫೋನ್ ಬಂದಿತ್ತಂತೆ, ಗಾಡಿ ಹುಡುಕುತ್ತಾ ಓಡಿದ್ದ. ಬೀಗದಕೈ ಜೇಬಿನಲ್ಲೇ ಇತ್ತು. ಇನ್‌ಚಾರ್ಜ್ ಬೈಯಲಿಲ್ಲ. ಕಂಪನಿ ಜೀಪ್ ತರಿಸಿದರು, ಅದು ಬರುವಷ್ಟರಲ್ಲಿ ಅವನು ತೊಯ್ದ ಬಟ್ಟೆಯಲ್ಲೇ ಓಡಿ ಬಂದು ಬೀಗ ತೆಗೆದ.

ನಾನು ಸ್ಕ್ರೀನ್ ಮುಂದೆ ಕೈ ಕಟ್ಟಿಕೊಂಡು ಕೂತಿದ್ದೆ. ವಾಕಿಟಾಕಿ ಕರಕರ ಅಂದಿತು. ಏದುಸಿರು ಬಿಡುತ್ತಿದ್ದ.

"ರಸೂಲ್ ರೀ ಸಾಹೇಬ್ರ. ಹೊರಗ ಅದೀನಿ."

"ಕೇಳಿಸ್ತು ತಮ್ಮಾ. ಹೋಗು, ಜೀಪ್ ಹತ್ತು."

ಅವನು ಹೋದ ಮೇಲೆ ಅಲಾರಂ ಪಟ್ಟಿಯನ್ನು ಮೇಲಿನಿಂದ ಕೆಳಗೆ ಒಂದೊಂದಾಗಿ ಓದಿದೆ. ಸೈರನ್ ಕೊಟ್ಟೆ. ಎರಡೂ ಕಡೆ ಕೂಗಿತು. ಆಮೇಲೆ ಸ್ಟಾರ್ಟ್ ಒತ್ತಿದೆ.