ನೀಲಿ ಬಕೆಟ್

ಏಳನೆಯ ಸಲವೂ ಅದೇ ಕೆಂಪು ಸಾಲು ಬಂತು: File upload failed. Please try again. ಮತ್ತೆ ಪ್ರಯತ್ನಿಸಿ ಎನ್ನುವ ವಿನಯಕ್ಕೇನೂ ಕೊರತೆ ಇರಲಿಲ್ಲ. ಏಕೆ ಆಗಲಿಲ್ಲ ಎಂಬುದನ್ನು ಮಾತ್ರ ಅದು ಬಾಯಿಬಿಡುತ್ತಿರಲಿಲ್ಲ.

ಚಂದನಾ ಹಾಸ್ಟೆಲ್ಲಿನ ಮೆಟ್ಟಿಲ ಮೇಲೆ ಕುಳಿತಿದ್ದಳು. ಸಿಗ್ನಲ್ ಸರಿಯಾಗಿ ಸಿಗುವುದು ಅಲ್ಲಿ ಮಾತ್ರ. ಬೆಳಗಿನಿಂದ ಹಾಸನದಲ್ಲಿ ಬಿಡದೆ ಮಳೆ, ಎರಡು ಸಲ ಕರೆಂಟ್ ಹೋಗಿ ಬಂದಿತ್ತು. ಪರೀಕ್ಷಾ ಅರ್ಜಿ ಸಲ್ಲಿಸಲು ರಾತ್ರಿ ಹನ್ನೆರಡರವರೆಗೆ ಸಮಯವಿತ್ತು. ಆಮೇಲೆ 500 ರೂಪಾಯಿ ದಂಡ. ಆಗಲೇ ಗಂಟೆ ಹತ್ತಾಗುತ್ತಾ ಬಂದಿತ್ತು.

ಸಂಜೆ ಅಪ್ಪ ಅರಕಲಗೂಡಿನಿಂದ ಫೋನ್ ಮಾಡಿ, ಆಲೂಗಡ್ಡೆಗೆ ಅಂಗಮಾರಿ ಬಿದ್ದಿದೆ, ಔಷಧಿ ಹೊಡೆದ ಅರ್ಧ ಗಂಟೆಗೇ ಮಳೆ ತೊಳೆದುಕೊಂಡು ಹೋಯಿತು ಎಂದಿದ್ದರು. ಕೊನೆಗೆ, "ಫಾರಂ ಹಾಕಿದೆಯಾ ಮಗಳೇ?" ಎಂದು ಕೇಳಿದ್ದರು. "ಹಾಕಿದೆ ಅಪ್ಪ" ಎಂದುಬಿಟ್ಟಿದ್ದಳು.

ಅರ್ಜಿಯ ಜೊತೆ ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್ ಈ ಮೂರು ಪಿಡಿಎಫ್‌ಗಳನ್ನು ಒಟ್ಟಿಗೆ ಸೇರಿಸಬೇಕಿತ್ತು. ಒಂದೊಂದೂ 1 ಎಂಬಿ ಮೀರಬಾರದು. ಮೊಬೈಲ್‌ನಲ್ಲಿ ಸ್ಕ್ಯಾನ್ ಮಾಡಿದ ಅಂಕಪಟ್ಟಿ 3 ಎಂಬಿ ಇದ್ದುದರಿಂದ ಅನುಮಾನವೆಲ್ಲ ಅದರ ಮೇಲೆಯೇ ಬಿತ್ತು. ಅದನ್ನು 900 ಕೆಬಿಗೆ ಇಳಿಸಿದಳು, ಆಗಲಿಲ್ಲ. 400ಕ್ಕೆ ಇಳಿಸಿದಳು, ಆಗಲಿಲ್ಲ. ಎನ್.ಆರ್. ವೃತ್ತದ ಹತ್ತಿರದ ಸೈಬರ್ ಸೆಂಟರಿನವನು ಮೂವತ್ತು ರೂಪಾಯಿ ತೆಗೆದುಕೊಂಡು 150ಕ್ಕೆ ಹಿಂಡಿ, "ಸರ್ವರ್ ನಿಧಾನ ಇದೆ, ರಾತ್ರಿ ನೋಡಿ" ಎಂದು ಕಳುಹಿಸಿದ. ಅಷ್ಟು ಹೊತ್ತಿಗೆ ಅಂಕಗಳು ಕಾಗದದ ಮೇಲೆ ಇರುವೆ ಸತ್ತು ಬಿದ್ದ ಹಾಗೆ ಕಾಣುತ್ತಿದ್ದವು.

ಹಾಸನಾಂಬೆಯಾದರೂ ವರ್ಷಕ್ಕೊಮ್ಮೆ ಬಾಗಿಲು ತೆರೆಯುತ್ತಾಳೆ ಎಂದು ಗೊಣಗಿಕೊಂಡಳು.

"ಯಾರ ಬಾಗಿಲು?"

ನೀರಿನ ಬಾಟಲಿ ಹಿಡಿದು ಮೆಟ್ಟಿಲಿಳಿಯುತ್ತಿದ್ದವಳು ನಾಗವೇಣಿ. ಚಂದನಾ ಮುಖ ತಿರುಗಿಸಿದಳು. ಇಬ್ಬರ ನಡುವೆ ಮಾತು ನಿಂತು ಮೂರು ವಾರ ಆಗಿತ್ತು. ಬೆಳಿಗ್ಗೆ ಐದಕ್ಕೆ ಬಿಸಿನೀರಿನ ನಲ್ಲಿಯ ಮುಂದೆ ಸಾಲಾಗಿ ಇಟ್ಟ ಬಕೆಟ್‌ಗಳಲ್ಲಿ ನಾಗವೇಣಿಯದನ್ನು ಹಿಂದಕ್ಕೆ ತಳ್ಳಿ ತನ್ನ ನೀಲಿ ಬಕೆಟ್ಟನ್ನು ಮುಂದಿಟ್ಟವಳು ಚಂದನಾ. ಆ ಬೆಳಿಗ್ಗೆ ಬಿಸಿನೀರು ಮುಗಿದದ್ದು ಸರಿಯಾಗಿ ನಾಗವೇಣಿಯ ಸರದಿಗೆ. ಹಾಸ್ಟೆಲ್ಲಿನಲ್ಲಿ ಇದಕ್ಕಿಂತ ದೊಡ್ಡ ಅಪರಾಧವಿಲ್ಲ.

ಆದರೂ ಫೋನನ್ನು ಅವಳತ್ತ ಚಾಚಿದಳು. ನಾಗವೇಣಿ ಅಂಕಪಟ್ಟಿಯನ್ನು ನೋಡಿ, "ಇದನ್ನು ಏಕೆ ಇಷ್ಟು ಹಿಂಸೆ ಮಾಡಿದ್ದೀಯ?" ಎಂದಳು. ಪ್ರಮಾಣಪತ್ರ ತೆರೆದಳು, ಮುಚ್ಚಿದಳು. ಆಧಾರ್ ಒತ್ತಿದಾಗ ಪಾಸ್‌ವರ್ಡ್ ಕೇಳಿತು.

"ಇದು ಯಾವಾಗಲೂ ಕೇಳುತ್ತದೆಯೇ?"

"ಹೌದು. ಹೆಸರಿನ ಮೊದಲ ನಾಲ್ಕು ಅಕ್ಷರ, ಹುಟ್ಟಿದ ವರ್ಷ. ಡೌನ್‌ಲೋಡ್ ಮಾಡಿದ ಆಧಾರ್ ಎಲ್ಲರದ್ದೂ ಹಾಗೆಯೇ ಅಲ್ಲವೇ?"

"ನಿನಗೆ ಗೊತ್ತು. ಆ ಪೋರ್ಟಲ್‌ಗೆ ಯಾರು ಹೇಳಿದರು? ಬೀಗ ಹಾಕಿದ ಪೆಟ್ಟಿಗೆ ಕೊಟ್ಟು, ಒಳಗಿರುವುದನ್ನು ಓದು ಎಂದರೆ ಅದು ಏನು ಮಾಡಬೇಕು? ಮೂರರಲ್ಲಿ ಒಂದು ಕೆಟ್ಟರೂ ಮೂರನ್ನೂ ವಾಪಸ್ ಕಳುಹಿಸುತ್ತಿದೆ."

ಬೆಳಗಿನಿಂದ ಹಿಂಡಿಸಿಕೊಂಡ ಅಂಕಪಟ್ಟಿ ನಿರಪರಾಧಿ. ಚಂದನಾಳಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ.

ನಾಗವೇಣಿಯ ಕೋಣೆಯಲ್ಲಿ ಅವಳ ಅಣ್ಣನ ಹಳೆಯ ಲ್ಯಾಪ್‌ಟಾಪ್ ಇತ್ತು. ಬ್ಯಾಟರಿ ಸತ್ತಿದ್ದರಿಂದ ಚಾರ್ಜರ್ ಚುಚ್ಚಿಯೇ ಇರಬೇಕು, ಕರೆಂಟ್ ಹೋದರೆ ಅದೂ ಹೋಯಿತು. ಅವಳು ಕಪ್ಪು ಪರದೆಯೊಂದನ್ನು ತೆರೆದು ಒಂದೇ ಸಾಲು ಹೊಡೆದಳು:

```
qpdf --password=CHAN2005 --decrypt aadhaar.pdf aadhaar1.pdf
```

ಪರದೆ ಏನೂ ಹೇಳಲಿಲ್ಲ. "ಆಗಲಿಲ್ಲವೇ?" ಎಂದಳು ಚಂದನಾ.

"ಆಗದಿದ್ದರೆ ಬೈಯುತ್ತಿತ್ತು. ಸುಮ್ಮನಿದೆ ಎಂದರೆ ಆಯಿತು."

ಹೊಸ ಫೈಲ್ ಪಾಸ್‌ವರ್ಡ್ ಕೇಳದೆ ತೆರೆದುಕೊಂಡಿತು. ಅಂಕಪಟ್ಟಿಯನ್ನೂ 900 ಕೆಬಿಯ ಹಳೆಯ ಪ್ರತಿಗೆ ಬದಲಾಯಿಸಿದರು. "ಪರಿಶೀಲಿಸುವವರು ಕನ್ನಡಕ ಒಡೆದುಕೊಳ್ಳುವುದು ಬೇಡ" ಎಂದಳು ನಾಗವೇಣಿ. ಚಂದನಾ ಸಲ್ಲಿಸುವ ಗುಂಡಿ ಒತ್ತಿದಳು. ಚಕ್ರ ತಿರುಗಿತು. ದೀಪ ಒಮ್ಮೆ ಮಿಣುಕಿತು. ಇಬ್ಬರೂ ಉಸಿರು ಹಿಡಿದು ಬಲ್ಬನ್ನೇ ನೋಡಿದರು. ಅದು ಆರಲಿಲ್ಲ. ಹಸಿರು ಅಕ್ಷರದಲ್ಲಿ ಅರ್ಜಿ ಸಂಖ್ಯೆ ಬಂದಾಗ ಹತ್ತು ಇಪ್ಪತ್ತು. ಚಂದನಾ ಅದರ ಚಿತ್ರ ತೆಗೆದುಕೊಂಡಳು. ನಂಬಿಕೆ ಸಾಲದೆ ನೋಟ್‌ಬುಕ್ಕಿನಲ್ಲಿಯೂ ಬರೆದುಕೊಂಡಳು.

"ವೇಣಿ, ಅವತ್ತು ಆ ಬಕೆಟ್..."

"ನನ್ನ ಬಾಟಲಿ ಇನ್ನೂ ಖಾಲಿ ಇದೆ" ಎಂದು ನಾಗವೇಣಿ ಮೆಟ್ಟಿಲಿಳಿದು ಹೋದಳು.

ಮರುದಿನ ಐದಕ್ಕೆ ನಲ್ಲಿಯ ಮುಂದೆ ನೀಲಿ ಬಕೆಟ್ ಎಲ್ಲರಿಗಿಂತ ಮೊದಲಿತ್ತು. ಅದು ತುಂಬಿದೊಡನೆ ಚಂದನಾ ಎರಡೂ ಕೈಯಲ್ಲಿ ಎತ್ತಿ ಹದಿನಾಲ್ಕನೆಯ ಕೋಣೆಯ ಬಾಗಿಲಲ್ಲಿಟ್ಟು ಬಾಗಿಲು ತಟ್ಟಿದಳು. ವಾಪಸ್ ಬಂದು ಮತ್ತೆ ಸಾಲು ಹಿಡಿದು ನಲ್ಲಿ ತಿರುಗಿಸುವಾಗ ನೀರು ತಣ್ಣಗಾಗಿತ್ತು. ಜುಲೈ ತಿಂಗಳ ಹಾಸನದ ತಣ್ಣೀರು. ಮೊದಲ ಚೊಂಬಿಗೆ ಅವಳು ಹಾಕಿದ ಕಿರುಚು ಮೂರನೆಯ ಮಹಡಿಗೂ ಕೇಳಿಸಿತು.