ಶನಿವಾರ ಪೇಪರ್ ಓದ್ಲಿಕ್ಕ ಬರ್ರಿ

ಎಲ್ಲಾರಿಗೂ ನಮಸ್ಕಾರ್ರಿ. ಎಐ ಮ್ಯಾಲಿನ ಸಂಶೋಧನಾ ಪೇಪರ್ ಕೂಡಿ ಓದೋ ನಮ್ಮ ಶನಿವಾರದ ಗ್ರೂಪಿಗಿ ನಿಮ್ಮನ್ನ ಕರೀಲಿಕ್ಕ ಬಂದೀನಿ. ಹಿಂದ ಕುಂತವ್ರು ಸ್ವಲ್ಪ ಮುಂದ ಬರ್ರಿ, ಈ ಫ್ಯಾನ್ ಸಪ್ಪಳದಾಗ ನನ್ ಮಾತು ಅಲ್ಲೀತನಕ ಮುಟ್ಟಂಗಿಲ್ಲ.

ನಾನು ನಮ್ಮ ಕಾಲೇಜಿನ ಎಐ ಕ್ಲಬ್ ಪ್ರೆಸಿಡೆಂಟ್, ಫೈನಲ್ ಇಯರ್ ಕಂಪ್ಯೂಟರ್ ಸೈನ್ಸ್, ಊರು ಅಫಜಲಪುರ ಹತ್ರ ಒಂದ್ ಹಳ್ಳಿ, ಹತ್ತನೇ ತನಕ ಕನ್ನಡ ಮೀಡಿಯಂ. ಮೀಡಿಯಂ ಯಾಕ ಹೇಳಾಕತ್ತೀನಿ ಅಂದ್ರ ನಿಮ್ಮೊಳಗ ಅರ್ಧ ಮಂದಿ ಹಂಗೇ ಬಂದೀರಿ ಅಂತ ನಂಗ ಗೊತ್ತು, ಮತ್ತ ಡೀಪ್ ಲರ್ನಿಂಗ್ ಅನ್ನೋ ಹೆಸರು ಕೇಳಿದ ಕೂಡ್ಲೇ ಅದು ಬೆಂಗಳೂರು ಹೈದರಾಬಾದದವರ್ದು, ನಮಗಲ್ಲ ಅಂತ ಮನಸ್ಸಿನ್ಯಾಗ ಬರ್ತದ. ನಂಗೂ ಬಂದಿತ್ತು. ಫಸ್ಟ್ ಇಯರ್‌ನ್ಯಾಗ ಹಾಸ್ಟೆಲ್ ಮಾಳಗಿ ಮ್ಯಾಲ ಕುಂತು ಮೊಬೈಲ್‌ನ್ಯಾಗ ಒಂದ್ ಪೇಪರ್ ಡೌನ್‌ಲೋಡ್ ಮಾಡಿದ್ದೆ, ಮೊದಲ್ನೇ ಪುಟದಾಗೇ ಒಂದ್ ತಲಿಕೆಳಗಾದ ತ್ರಿಕೋನ ಬಂತು, ಹಿಂಗ, `∇`. ಅದಕ್ಕ ಏನಂತಾರ ಅಂತ ಒಬ್ರಿಗಿ ಕೇಳಿದ್ರ "ಇದೆಲ್ಲಾ ಈಗ ಬ್ಯಾಡ, ಥರ್ಡ್ ಇಯರ್‌ನ್ಯಾಗ ಬರ್ತದ" ಅಂದ್ರು. ನಾ ಮುಚ್ಚಿಟ್ಟೆ. ಪೂರಾ ಎರಡು ವರ್ಷ ಮುಚ್ಚೇ ಇಟ್ಟೆ. ಆ ಎರಡು ವರ್ಷದ ಸಂಕಟ ಇವತ್ತಿಗೂ ಅದ, ನಿಮಗ ಹಂಗ ಆಗಬಾರ್ದು ಅಂತನೇ ಇವತ್ತು ಮೈಕ್ ಹಿಡದೀನಿ.

ಈಗ ಆ ತ್ರಿಕೋನದ ವಿಷಯನೇ ಹೇಳ್ತೀನಿ, ಬೋರ್ಡ್ ನೋಡ್ರಿ.

ಮನಿಗಿ ಮೂರು ಮಂದಿ ಬೀಗರು ಬರಾವ್ರು ಇದ್ದಾರ. ಒಬ್ಬೊಬ್ರಿಗಿ ಎರಡು ಜ್ವಾಳದ ರೊಟ್ಟಿ ಸಾಕು ಅಂತ ಅವ್ವ ಅಂದಾಜು ಮಾಡಿ ಆರು ಬಡದಾಳ, ಆದ್ರ ಅವ್ರಿಗಿ ಬೇಕಾಗಿದ್ದು ಒಂಬತ್ತು. ಮೂರು ಕಡಿಮಿ ಬಿತ್ತು. ಇಲ್ಲಿ ಒಬ್ರಿಗಿ ಎಷ್ಟು ಅನ್ನೋ ಅಂದಾಜಿಗಿ `w` ಅನ್ರಿ, ಮಂದಿ ಎಷ್ಟು ಅನ್ನೋದಕ್ಕ `x`, ಖರೇ ಬೇಕಾದ ರೊಟ್ಟಿಗಿ `y`. ತಪ್ಪಿನ ವರ್ಗ ತಗೊಂಡ್ರ ಒಂಬತ್ತು, ಅದಕ್ಕ ಲಾಸ್ ಅಂತಾರ. `w` ಸ್ವಲ್ಪ ಅಲುಗಾಡಿಸಿದ್ರ ಈ ಲಾಸ್ ಯಾವ ಕಡಿಗಿ, ಎಷ್ಟು ಜೋರಿಲೆ ಬದಲಾಗ್ತದ ಅನ್ನೋದೇ ಗ್ರೇಡಿಯಂಟ್, ಆ ತ್ರಿಕೋನ ಅಷ್ಟೇ ಹೇಳ್ತದ. ಪಿಯುಸಿಯಾಗ ಡಿಫರೆನ್ಸಿಯೇಷನ್ ಮಾಡಿರಲ್ಲ, ಅದೇ, ಬ್ಯಾರೆ ಏನಿಲ್ಲ.

```
w = 2; x = 3; y = 9
for i in range(3):
    g = 2 * (w*x - y) * x
    w = w - 0.01 * g
    print(round(w, 4), round(w*x, 4))
```

ಮೊದಲ್ನೇ ಸುತ್ತಿನ್ಯಾಗ ಗ್ರೇಡಿಯಂಟ್, ಅಂದ್ರ `g`, ಮೈನಸ್ 18 ಬರ್ತದ, ಅದಕ್ಕ `w` 2 ಇದ್ದಿದ್ದು 2.18 ಆಗ್ತದ, ರೊಟ್ಟಿ 6.54. ಪ್ರತಿ ಸುತ್ತಿಗೂ ಒಂಬತ್ತರ ಹತ್ರ ಹತ್ರ ಹೋಗ್ತದ. ಈಗ ಆ 0.01 ತೆಗದು 0.2 ಹಾಕ್ರಿ, ಅವಸರ ಮಾಡಿದಂಗ. `w` ಒಮ್ಮಿಗೇ 5.6ಕ್ಕ ಜಿಗೀತದ, ಅದರ ಮುಂದಿನ ಸುತ್ತಿಗಿ ಮೈನಸ್ 3.76ಕ್ಕ ಬೀಳ್ತದ, ಅಂದ್ರ ಬೀಗರು ತಿನ್ನೋದು ಬಿಟ್ಟು ರೊಟ್ಟಿ ವಾಪಸ್ ಕೊಡಬೇಕು ಅಂದಂಗ. ಲರ್ನಿಂಗ್ ರೇಟ್ ಅಂದ್ರ ಇದು, ಇದನ್ನ ಪೆನ್ನಿಲೆ ಒಂದ್ಸಲ ಲೆಕ್ಕ ಮಾಡಿದವ್ರು ಜಲ್ಮದಾಗ ಮರ್ಯಂಗಿಲ್ಲ.

ಇಲ್ಲಿ `w` ಒಂದೇ ಅದ. 2012ರಾಗ ಅಲೆಕ್ಸ್‌ನೆಟ್ ಅಂತ ಒಂದ್ ನೆಟ್‌ವರ್ಕ್, ಅಂದ್ರ ಇಂಥಾ `w`ಗಳ ದೊಡ್ಡ ಜಾಲ, ಬಂತಲ್ಲ, ಕ್ರಿಝೆವ್‌ಸ್ಕಿ, ಸಟ್ಸ್‌ಕೇವರ್, ಹಿಂಟನ್ ಮೂರು ಮಂದಿ ಮಾಡಿದ್ದು, ಅದರಾಗ ಇಂಥಾವು ಸುಮಾರು 6 ಕೋಟಿ ಇದ್ವು. ಗೇಮ್ ಆಡ್ಲಿಕ್ಕ ಅಂತ ಮಾಡಿದ ಎರಡು ಗ್ರಾಫಿಕ್ಸ್ ಕಾರ್ಡ್, ಒಂದೊಂದಕ್ಕ 3 ಜಿಬಿ ಮೆಮೊರಿ, ಐದಾರು ದಿನ ಟ್ರೈನಿಂಗ್, ಇಂಥಾವು ಕೆಲವು ನೆಟ್‌ವರ್ಕ್ ಕೂಡಿಸಿ ಫೋಟೋ ಗುರ್ತಿಸೋ ಇಮೇಜ್‌ನೆಟ್ ಸ್ಪರ್ಧೆಯೊಳಗ ಎರಡನೇ ಸ್ಥಾನದವ್ರ ತಪ್ಪು 26.2 ಪರ್ಸೆಂಟ್ ಇದ್ರ ಇವ್ರದ್ದು 15.3ಕ್ಕ ಇಳೀತು. ಆ 6 ಕೋಟಿ `w` ಒಳಗ ತಪ್ಪಿನ ಪಾಲು ಯಾವುದಕ್ಕ ಎಷ್ಟು ಅಂತ ಹಿಂದಿನಿಂದ ಹಂಚ್ಕೋತ ಬರೋ ವಿದ್ಯಾ ಏನದ, ಬ್ಯಾಕ್‌ಪ್ರಾಪಗೇಷನ್, ಅದರ ಹೆಸರುವಾಸಿ ಪೇಪರ್ 1986ರಾಗ ನೇಚರ್ ಪತ್ರಿಕಿಯೊಳಗ ಬಂತು, ರೂಮೆಲ್‌ಹಾರ್ಟ್, ಹಿಂಟನ್, ವಿಲಿಯಮ್ಸ್ ಬರದಿದ್ದು. ಬರೇ ನಾಕು ಪುಟ. ನಾವು ನಾಕು ಮಂದಿ ಅದನ್ನ ಓದ್ಲಿಕ್ಕ ಐದು ವಾರ ತಗೊಂಡ್ವಿ, ಒಂದ್ ಶನಿವಾರ ಪೂರಾ ಒಂದೇ ಸಾಲಿನ ಮ್ಯಾಲ ಹ್ವಾತು, ಚೈನ್ ರೂಲ್ ಯಾಕ ಅಲ್ಲಿ ಬಂತು ಅಂತ. ಅದು ತಿಳದ ಮ್ಯಾಲ ಉಳಿದಿದ್ದು ತಾನೇ ಬಿಚ್ಚಿಕೊಂತ ಹ್ವಾತ್ರಿ, ಖರೇನ ಹೇಳ್ತೀನಿ ಆವತ್ತು ರೂಮಿಗಿ ಹೋಗಿ ನಿದ್ದಿ ಬರ್ಲಿಲ್ಲ.

ನಮ್ಮ ಗ್ರೂಪ್ ಅಂದ್ರ ಇಷ್ಟೇ. ಯಾರೂ ಲೆಕ್ಚರ್ ಕೊಡಂಗಿಲ್ಲ. ಒಬ್ರು ಒಂದ್ ಪ್ಯಾರಾ ಜೋರಾಗಿ ಓದ್ತಾರ, ಆಮ್ಯಾಲ ಅದನ್ನ ಕನ್ನಡದಾಗ ಹೇಳ್ತಾರ, ತಿಳೀಲಾರದವ್ರು ಕೈ ಎತ್ತಿದ್ರ ಅಲ್ಲಿಗೇ ನಿಲ್ತದ, ಅವ್ರಿಗಿ ತಿಳಿಯೋ ತನಕ ಮುಂದ ಹೋಗಂಗಿಲ್ಲ. ಈ ಒಂದ್ ರೂಲ್ ಬಗ್ಗೆ ನಾನು ಭಾಳ ಸ್ಟ್ರಿಕ್ಟ್. ಉರ್ದುದಾಗ ಕೇಳ್ತೀನಿ ಅನ್ನಾವ್ರು ಉರ್ದುದಾಗ ಕೇಳ್ರಿ, ಬೀದರ ಕಡಿಯವ್ರು ಮರಾಠಿ ಬೆರೆಸಿ ಕೇಳ್ತಾರ, ನಡೀತದ. ಇಂಗ್ಲಿಷ್ ಬರಲ್ಲ ಅಂತ ಯಾರೂ ಮನಿಯಾಗ ಕುಂದ್ರಬ್ಯಾಡ್ರಿ, ಪೇಪರಿನ ಇಂಗ್ಲಿಷ್‌ದಾಗ ತಿರುಗಿ ತಿರುಗಿ ಬರೋ ಮಾತು ಒಂದ್ ಎರಡುನೂರು ಇದ್ದಾವು, ಎರಡು ತಿಂಗಳದಾಗ ಕೈಗಿ ಹತ್ತತಾವು.

ಓದೋದಷ್ಟೇ ಅಲ್ಲ, ಮಾಡಿಯೂ ನೋಡ್ತೀವಿ. ಕನ್ನಡ ಅಂಕಿಗಳ ಡೇಟಾಸೆಟ್ ಒಂದದ, ಕನ್ನಡ ಎಂನಿಸ್ಟ್, 2019ರಾಗ ಬಂದಿದ್ದು, ಕೈಬರಹದ ೦ದಿಂದ ೯ರ ತನಕ, ಟ್ರೈನಿಂಗಿಗಿ 60,000 ಚಿತ್ರ, ಟೆಸ್ಟಿಗಿ 10,000, ಒಂದೊಂದು 28 ಗುಣಿಸು 28 ಚುಕ್ಕಿದ್ದು. ಹೋದ ವರ್ಷ ಅದರ ಮ್ಯಾಲ ಒಂದ್ ಸಣ್ಣ ನೆಟ್‌ವರ್ಕ್ ಟ್ರೈನ್ ಮಾಡಿದ್ವಿ, ಟೆಸ್ಟಿನ್ಯಾಗ ಛಲೋ ಬಂತು. ಖುಷಿಲೆ ನಮ್ಮ ನೋಟ್‌ಬುಕ್ಕಿನ್ಯಾಗ ನಾವೇ ಅಂಕಿ ಬರದು, ಫೋಟೋ ಹೊಡದು ಕೊಟ್ರ ಎಲ್ಲಾ ತಪ್ಪು. ೩ ಬರದ್ರೂ ತಪ್ಪು, ೫ ಬರದ್ರೂ ತಪ್ಪು. ಮಧ್ಯಾಹ್ನ ಕುಂತವ್ರು ಕತ್ತಲಾಗೋ ತನಕ ಕೋಡ್ ತಿರುವಿ ಹಾಕಿದ್ವಿ, ಕಡೀಗಿ ಒಬ್ಬಾಕಿ ಎರಡೂ ಚಿತ್ರ ಬಾಜೂ ಬಾಜೂ ಇಟ್ಟು ತೋರಿಸಿದ್ಲು, ಡೇಟಾದಾಗ ಕರೀ ನೆಲದ ಮ್ಯಾಲ ಬಿಳಿ ಅಂಕಿ, ನಮ್ಮದು ಬಿಳಿ ಹಾಳಿ ಮ್ಯಾಲ ನೀಲಿ ಶಾಯಿ. ಫೋಟೋ ಕಪ್ಪು ಬಿಳುಪು ಮಾಡಿ, ಕಪ್ಪಿಗಿ ಬಿಳಿ, ಬಿಳಿಗಿ ಕಪ್ಪು ಅಂತ ಉಲ್ಟಾ ಮಾಡೋ ಇದೊಂದ್ ಸಾಲು ಸೇರಿಸಿದ್ವಿ:

```
img = 255 - img
```

ಆಮ್ಯಾಲ ಸುಮಾರು ಎಲ್ಲಾ ಗುರ್ತು ಹಿಡೀತು, ೩ಕ್ಕ ೭ ಅನ್ನೋದು ಮಾತ್ರ ಅಲ್ಲಲ್ಲಿ ಉಳೀತು. ಆಕಿ ಆವಾಗ ಫಸ್ಟ್ ಇಯರ್, ನಿಮ್ಮ ಹಂಗೇ.

ಈ ವರ್ಷ ನನ್ನ ಮನಸ್ಸಿನ್ಯಾಗ ಒಂದ್ ಆಸಿ ಅದ. ತೊಗರಿ ನಮ್ಮ ಜಿಲ್ಲಾದ ಬೆಳಿ, ನಿಮ್ಮೊಳಗ ಭಾಳ ಮಂದಿ ಮನಿಯಾಗ ತೊಗರಿ ಅದ, ನೆಟೆ ರೋಗ ಬಿದ್ದ ಗಿಡ ಹೊರಗಿನವ್ರಿಗಿಂತ ನೀವು ಮೊದಲು ಗುರ್ತು ಹಿಡೀತೀರಿ. ದಸರಾ ಸೂಟಿಗಿ ಊರಿಗಿ ಹೋದಾಗ ಹೊಲದಾಗ ಫೋಟೋ ತಕ್ಕೊಂಡು ಬರ್ರಿ, ಛಲೋ ಗಿಡದ್ದೂ, ಬಾಡಿದ ಗಿಡದ್ದೂ, ಯಾವುದು ಯಾವುದು ಅಂತ ಮನಿಯಾಗ ಹಿರೇರಿಗಿ ಕೇಳಿ ಬರಕೊಂಡು. ನೀರಿಲ್ದೆ ಬಾಡಿದ್ದಕ್ಕೂ ರೋಗ ಬಿದ್ದು ಬಾಡಿದ್ದಕ್ಕೂ ಫರಕು ಮಷೀನಿಗಿ ತಿಳೀತದೋ ಇಲ್ಲೋ, ಕೂಡೇ ನೋಡೋಣು.

ಪೇಪರ್ ಎಲ್ಲಾ ಪುಕ್ಕಟೆ ಸಿಗೋವೇ ಆರಿಸ್ತೀವಿ, ಭಾಳಷ್ಟು arxiv.org ಮ್ಯಾಲ ಇದ್ದಾವು. ಲ್ಯಾಪ್‌ಟಾಪ್ ಇಲ್ಲಂದ್ರ ಚಿಂತಿ ಬ್ಯಾಡ, ಲ್ಯಾಬಿನ್ಯಾಗ ಎಂಟು ಸಿಸ್ಟಮ್ ನಮಗ ಬಿಟ್ಟುಕೊಟ್ಟಾರ, ಮತ್ತ ಆನ್‌ಲೈನ್‌ದಾಗೇ ಕೋಡ್ ಓಡಿಸೋ ಗೂಗಲ್ ಕೊಲ್ಯಾಬ್ ಮೊಬೈಲ್ ಬ್ರೌಸರಿನ್ಯಾಗೂ ತೆರೀತದ. ದೀವಳಿಗಿ ತನಕ 1986ರದು ಮುಗಸೋಣು, ಆಮ್ಯಾಲ ಅಲೆಕ್ಸ್‌ನೆಟ್, 2015ರ ರೆಸ್‌ನೆಟ್, ಬ್ಯಾಸಿಗಿ ಬರೋದ್ರೊಳಗ 2017ರ ಟ್ರಾನ್ಸ್‌ಫಾರ್ಮರ್ ಪೇಪರಿಗಿ ಮುಟ್ಟಬೇಕು ಅಂತ ಅದ. ತಡ ಆದ್ರ ಆಗ್ಲಿ.

ಪ್ರತಿ ಶನಿವಾರ ಮಧ್ಯಾಹ್ನ ಎರಡೂವರಿಗಿ, ಎರಡನೇ ಮಹಡಿ ಮೂಲ್ಯಾಗಿನ ಲ್ಯಾಬ್. ನಾಕೂವರಿಗಿ ಬಿಡ್ತೀವಿ, ಆಳಂದ, ಜೇವರ್ಗಿ ಕಡಿ ಬಸ್ಸಿಗಿ ಹೋಗಾವ್ರಿಗಿ ತೊಂದ್ರಿ ಆಗಬಾರ್ದು ಅಂತ. ಫೀಸ್ ಇಲ್ಲ, ಅಟೆಂಡೆನ್ಸ್ ಇಲ್ಲ, ಒಂದ್ ವಾರ ತಪ್ಪಿದ್ರ ಮುಂದಿನ ವಾರ ಬರ್ರಿ. ಒಂದ್ ನೋಟ್‌ಬುಕ್, ಒಂದ್ ಪೆನ್ ತರ್ರಿ. ಈ ಶನಿವಾರ ಇದೇ ರೊಟ್ಟಿ ಲೆಕ್ಕದಿಂದ ಚಾಲೂ ಮಾಡ್ತೀವಿ, 0.01 ಬದಲು 0.05 ಹಾಕಿದ್ರ ಏನಾಗ್ತದ ಅಂತ ಮನಿಯಾಗ ಮಾಡ್ಕೊಂಡು ಬರ್ರಿ, ಬಂದ ಕೂಡ್ಲೇ ಅದನ್ನೇ ಕೇಳ್ತೀನಿ.